ರೊಟ್ಟಿ ಪುಕ್ಕಟೆ ಸಿಗುವ ಜಾತ್ರೆಯಲ್ಲಿ ರೊಟ್ಟಿ ಅಂಗಡಿ

ಕೊಪ್ಪಳದ ಗವಿಮಠದ ಜಾತ್ರೆಯಲ್ಲಿ ಖಡಕ್ ರೊಟ್ಟಿ ಮಾರ್ತೀವಿ ಅಂತ ನಮ್ಮ ವೈನಿಯ ಸಂಘದವರು ಹೇಳಿದಾಗ ಓಣಿಯಲ್ಲಿ ನಕ್ಕವರೇ ಜಾಸ್ತಿ. ನಗುವುದರಲ್ಲಿ ಅರ್ಥವೂ ಇತ್ತು. ಸುತ್ತಲಿನ ಹಳ್ಳಿಗಳಿಂದ ಟ್ರ್ಯಾಕ್ಟರ್‌ಗಟ್ಟಲೆ, ಚಕ್ಕಡಿಗಟ್ಟಲೆ ಜೋಳದ ರೊಟ್ಟಿ ಮೆರವಣಿಗೆಯಲ್ಲಿ ಬಂದು ದಾಸೋಹಕ್ಕೆ ಸೇರುವ ಜಾತ್ರೆ ಅದು. ಲಕ್ಷಗಟ್ಟಲೆ ರೊಟ್ಟಿ, ಜೊತೆಗೆ ಮಾದಲಿ, ಈಚಿನ ವರ್ಷಗಳಲ್ಲಿ ಬಿಸಿ ಮಿರ್ಚಿ. ಹಸಿದವರು ಯಾರೂ ಕಿಸೆಗೆ ಕೈ ಹಾಕಬೇಕಾಗಿಲ್ಲ. ಅಂಥಲ್ಲಿ ಮೇಜು ಹಾಕಿಕೊಂಡು ಕೂತು ಹತ್ತು ರೊಟ್ಟಿಗೆ ನೂರು ರೂಪಾಯಿ ಕೊಡಿ ಅಂದರೆ ಯಾರು ಕೊಡ್ತಾರೆ?

ಕೊಡ್ತಾರೆ. ಆದರೆ ಎಲ್ಲರೂ ಅಲ್ಲ, ಎಲ್ಲಾ ದಿನವೂ ಅಲ್ಲ. ಅವರು ಯಾರು, ಯಾವಾಗ ಬರ್ತಾರೆ ಅನ್ನೋದು ಗೊತ್ತಾದ ಮೇಲೆ ಉಳಿದದ್ದೆಲ್ಲ ಅದರ ಹಿಂದೆಯೇ ನಿರ್ಧಾರವಾಯಿತು. ಎಷ್ಟು ಮಾಡಬೇಕು, ಪಾಕೀಟು ಎಷ್ಟು ದೊಡ್ಡದಿರಬೇಕು, ಬೋರ್ಡು ಎಲ್ಲಿ ಕಟ್ಟಬೇಕು, ಚೀಲದಲ್ಲಿ ಯಾವ ನೋಟು ಇಟ್ಟುಕೊಂಡಿರಬೇಕು, ಎಲ್ಲವೂ. ಅಂಗಡಿಯಲ್ಲಿ ನನ್ನ ಪಾಲಿಗೆ ಬಂದದ್ದು ದುಡ್ಡು ಮತ್ತು ಪುಸ್ತಕ. ರೊಟ್ಟಿ ಬಡಿಯೋಕೆ ನನ್ನನ್ನು ಯಾರೂ ನಂಬುವುದಿಲ್ಲ, ಅದು ಬೇರೆ ಮಾತು.

ಒಯ್ಯುವವರು ಯಾರು

ಈ ಊರಲ್ಲೇ ಇರುವವರು ಕೊಳ್ಳುವುದಿಲ್ಲ. ಅವರ ಮನೆಯಲ್ಲೇ ಬುಟ್ಟಿ ತುಂಬ ರೊಟ್ಟಿ ಇರುತ್ತದೆ. ಮೇಜಿನ ಮುಂದೆ ನಿಂತು, ಒಂದು ಚೂರು ಮುರಿದು ಬಾಯಿಗೆ ಹಾಕಿಕೊಂಡು, ‘ಛಲೋ ಐತ್ರಿ’ ಅಂದು ಹೋಗ್ತಾರೆ. ಕೊಳ್ಳುವವರು ಜಾತ್ರೆಗೆಂದು ಊರಿಗೆ ಬಂದು ಮತ್ತೆ ಹೊರಡುವವರು. ಬೆಂಗಳೂರಿನಲ್ಲಿ ಕೆಲಸಕ್ಕಿರುವ ಮಗ, ಹುಬ್ಬಳ್ಳಿಗೆ ಕೊಟ್ಟ ಮಗಳು, ಪುಣೆಯಲ್ಲಿರುವ ತಮ್ಮ. ಅವರಿಗೆ ಬೇಕಾದದ್ದು ಇವತ್ತಿನ ಊಟ ಅಲ್ಲ, ವಾಪಸ್ ಹೋದ ಮೇಲೆ ಡಬ್ಬಿಯಲ್ಲಿ ಇರಬೇಕಾದ ಊಟ. ಅಂದರೆ ನಾವು ಮಾರುವ ರೊಟ್ಟಿಗೆ ದಾಸೋಹದ ರೊಟ್ಟಿ ಎದುರಾಳಿಯೇ ಅಲ್ಲ. ಅಲ್ಲಿ ಕೂತು ಉಂಡು, ಇಲ್ಲಿ ಕಟ್ಟಿಸಿಕೊಂಡು ಹೋಗ್ತಾರೆ.

ಇದರಿಂದ ಇನ್ನೊಂದು ವಿಷಯ ತಾನಾಗಿ ಗೊತ್ತಾಯಿತು. ತೇರಿನ ಸಂಜೆ ನಮಗೆ ವ್ಯಾಪಾರವೇ ಇಲ್ಲ. ಆ ಹೊತ್ತಿಗೆ ಇರುವ ನೂಕುನುಗ್ಗಲಲ್ಲಿ ಕೂಸು ಕೈಬಿಡದಂತೆ ಹಿಡಿಯುವುದೇ ಕಷ್ಟ, ರೊಟ್ಟಿ ಪಾಕೀಟು ಎದೆಗೆ ಒತ್ತಿಕೊಂಡು ಯಾರು ಓಡಾಡ್ತಾರೆ? ನಮ್ಮ ಜನ ಬರುವುದು ಮರುದಿನದಿಂದ. ಬಸ್ಸಿಗೆ, ರೈಲಿಗೆ ಹೊರಡುವ ಮೊದಲು, ಬ್ಯಾಗು ಕಟ್ಟುವ ಹೊತ್ತಿಗೆ. ಹಾಗಾಗಿ ತೇರಿನ ದಿನಕ್ಕೆ ಎಲ್ಲಾ ಮಾಲನ್ನೂ ತಂದು ಗುಡ್ಡೆ ಹಾಕುವುದು ದಂಡ. ಅವತ್ತು ಮೇಜಿನ ಮೇಲೆ ಸ್ವಲ್ಪ ಇಟ್ಟು, ಹಿಂದಿನ ರಾಶಿಯನ್ನು ಮನೆಯಲ್ಲೇ ಬಿಟ್ಟರೆ ಅರ್ಧ ರೊಟ್ಟಿ ಒಡೆಯುವುದು ತಪ್ಪುತ್ತದೆ.

ದಿನದ ಒಳಗೂ ಹೀಗೇ. ಮಠದ ಕಡೆ ಹೋಗುವಾಗ ಜನ ಏನನ್ನೂ ಕೊಳ್ಳುವುದಿಲ್ಲ. ದರ್ಶನ ಆಗಬೇಕು, ಊಟ ಆಗಬೇಕು, ಕೈ ಖಾಲಿ ಇರಬೇಕು. ಕೊಳ್ಳುವುದು ಬರುವಾಗ. ಜಾಗ ಕೇಳುವ ಅವಕಾಶ ಇದ್ದರೆ ವಾಪಸ್ ಬರುವವರ ಎಡಗೈ ಕಡೆ ಸಿಗುವ ಜಾಗ ಕೇಳಬೇಕು, ಎದುರು ಬದಿಯಲ್ಲಿ ಸಿಕ್ಕರೆ ಜನ ಹೊಳೆ ದಾಟಿದಂತೆ ಅಡ್ಡ ದಾಟಿ ಬರಬೇಕಾಗುತ್ತದೆ. ಹೋಗುವಾಗಲೇ ಇಷ್ಟಪಟ್ಟವರಿಗೆ ನಾವು ಒಂದು ಚೀಟಿ ಮಾಡಿಕೊಡುತ್ತೇವೆ: ಹೆಸರು, ಊರು, ಏನು ಬೇಕು. ‘ಇಟ್ಟಿರ್ತೀವ್ರಿ, ಬರ್ತಾ ಒಯ್ರಿ’ ಅಂತ. ದುಡ್ಡು ಮೊದಲೇ ಕೊಟ್ಟವರು ಖಂಡಿತ ಬರ್ತಾರೆ. ಕೊಡದವರಲ್ಲಿ ಬಹಳ ಮಂದಿ ಬರುವುದಿಲ್ಲ, ಅವರಿಗಾಗಿ ಪಾಕೀಟು ಎತ್ತಿಟ್ಟು ಕಾಯುವ ಅಗತ್ಯವೂ ಇಲ್ಲ.

ಎಷ್ಟು ಮಾಡಬೇಕು, ಯಾವಾಗ ಮಾಡಬೇಕು

ಮಾಲು ಮೂರೇ ಬಗೆ. ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ, ಖಡಕ್ ಜೋಳದ ರೊಟ್ಟಿ, ಹಿಂಡಿ ಅನ್ನುವ ಒಣ ಚಟ್ನಿಪುಡಿ. ಹಿಂಡಿಯಲ್ಲಿ ಶೇಂಗಾ ಮತ್ತು ಅಗಸಿ ಎರಡೇ. ಗುರೆಳ್ಳು, ಪುಟಾಣಿ, ಕೆಂಪು ಖಾರ ಎಲ್ಲಾ ಇಡೋಣ ಅಂತ ಸಂಘದಲ್ಲಿ ಒತ್ತಾಯ ಇತ್ತು. ಬಗೆ ಜಾಸ್ತಿ ಆದಷ್ಟು ಮೇಜಿನ ಮುಂದೆ ಜನ ನಿಲ್ಲುವ ಹೊತ್ತು ಜಾಸ್ತಿ ಆಗುತ್ತದೆ, ಕೊಳ್ಳುವುದು ಜಾಸ್ತಿ ಆಗುವುದಿಲ್ಲ. ಒಬ್ಬರು ಐದು ಡಬ್ಬಿ ಮೂಸಿ ನೋಡುವಷ್ಟರಲ್ಲಿ ಹಿಂದಿನ ಮೂವರು ಮುಂದೆ ಹೋಗಿರ್ತಾರೆ.

ಸಜ್ಜಿ ರೊಟ್ಟಿಗೆ ಒಂದು ಕ್ಯಾಲೆಂಡರ್ ಲೆಕ್ಕ ಇದೆ. ಇಲ್ಲಿನ ತೇರು ಬನದ ಹುಣ್ಣಿಮೆ ಆದ ಮೇಲೆ ಬರುವುದು, ಸಂಕ್ರಾಂತಿ ಸೂರ್ಯನ ಲೆಕ್ಕದ್ದು. ಹೀಗಾಗಿ ಜಾತ್ರೆ ಒಮ್ಮೆ ಸಂಕ್ರಾಂತಿಗೆ ಅಂಟಿಕೊಂಡು ಬರುತ್ತದೆ, ಒಮ್ಮೆ ಬಹಳ ತಡವಾಗಿ ಬೀಳುತ್ತದೆ. 2024ರಲ್ಲಿ ತೇರು ಜನವರಿ 27ಕ್ಕೆ, 2025ರಲ್ಲಿ ಜನವರಿ 15ಕ್ಕೆ. ಹಬ್ಬಕ್ಕೆ ಮೊದಲು ಜಾತ್ರೆ ಬಂದರೆ ಎಳ್ಳು ಹಚ್ಚಿದ ಸಜ್ಜಿ ರೊಟ್ಟಿಯನ್ನು ಹಬ್ಬದ ಸಾಮಾನಿನ ಹಾಗೆ ಕೇಳಿ ಒಯ್ಯುತ್ತಾರೆ. ಹಬ್ಬ ಕಳೆದು ಎರಡು ವಾರ ಆಗಿದ್ದರೆ ಎಲ್ಲರ ಮನೆಯಲ್ಲೂ ಸಜ್ಜಿ ರೊಟ್ಟಿ ತಿಂದು ಸಾಕಾಗಿರುತ್ತದೆ. ಆಗ ಜೋಳದ್ದು ಮುಕ್ಕಾಲು, ಸಜ್ಜಿಯದು ಕಾಲು. ಪಂಚಾಂಗ ನೋಡದೆ ಗಿರಣಿಗೆ ಕಾಳು ಒಯ್ಯಬಾರದು.

ಸಜ್ಜಿಯಲ್ಲಿ ಇನ್ನೊಂದು ತೊಂದರೆ. ಅದರ ಹಿಟ್ಟು ಇಟ್ಟರೆ ಕೆಡುತ್ತದೆ. ಕಾಳಿನಲ್ಲಿ ಎಣ್ಣೆಯ ಅಂಶ ಜಾಸ್ತಿ, ಬೀಸಿದ ಕೂಡಲೇ ಅದು ಕೆಡೋಕೆ ಶುರುವಾಗುತ್ತದೆ, ಕೆಲವೇ ದಿನದಲ್ಲಿ ಹಿಟ್ಟು ಕಹಿಯಾಗುತ್ತದೆ. ಜೋಳದ ಹಿಟ್ಟು ಅಷ್ಟು ಬೇಗ ಕೈಕೊಡುವುದಿಲ್ಲ. ಆದ್ದರಿಂದ ಸಜ್ಜಿಯನ್ನು ಒಟ್ಟಿಗೆ ಬೀಸಿ ಇಡುವುದಿಲ್ಲ, ನಾಳೆ ಬಡಿಯುವಷ್ಟನ್ನು ಇವತ್ತು ಗಿರಣಿಗೆ ಕಳಿಸುವುದು. ಬಡಿಯುವ ಮುಂಚೆ ಒಂದು ಚಿಟಿಕೆ ಹಿಟ್ಟು ನಾಲಿಗೆ ಮೇಲೆ ಇಟ್ಟು ನೋಡುವುದು ವೈನಿಯ ಅಭ್ಯಾಸ. ಕಹಿ ಹತ್ತಿದ ಹಿಟ್ಟು ಬೆಂದ ಮೇಲೂ ಕಹಿಯೇ, ಎಳ್ಳು ಅದನ್ನು ಮುಚ್ಚುವುದಿಲ್ಲ.

ರೊಟ್ಟಿ ಖಡಕ್ ಆಗಿದೆಯೋ ಇಲ್ಲವೋ ಅನ್ನುವುದಕ್ಕೆ ಪರೀಕ್ಷೆ ಸರಳ. ನಡುವೆ ಹಿಡಿದು ಬಾಗಿಸಿದರೆ ಬಾಗಬಾರದು, ಕಟ್ ಅಂತ ಮುರಿಯಬೇಕು. ಅಂಚು ಖಡಕ್ ಇದ್ದು ನಡು ಮಾತ್ರ ಮೆತ್ತಗಿರುವುದು ಬಹಳ ಸಲ ಆಗುತ್ತದೆ, ದಪ್ಪ ಬಡಿದವರ ಕೈಯಲ್ಲಿ. ಅಂಥದ್ದು ಮತ್ತೆ ಹಂಚಿನ ಅಂಚಿಗೆ ನಿಲ್ಲಿಸಿ ಒಣಗಿಸಬೇಕು. ಆಮೇಲೆ ಒಂದು ರಾತ್ರಿ ತೆಳು ಬಟ್ಟೆ ಮುಚ್ಚಿ ಪೂರ್ತಿ ಆರಲು ಬಿಟ್ಟು ಬೆಳಿಗ್ಗೆ ಪಾಕೀಟು ಮಾಡುವುದು. ಬೆಚ್ಚಗಿರುವಾಗಲೇ ಕವರಿಗೆ ಹಾಕಿ ಬಾಯಿ ಸುಟ್ಟರೆ ಒಳಗೆ ಬೆವರು ಹನಿ ಕೂರುತ್ತದೆ. ಮೂರನೇ ದಿನ ರೊಟ್ಟಿ ಚರ್ಮದ ಹಾಗೆ ಆಗಿರುತ್ತದೆ, ವಾರಕ್ಕೆ ಬೂಸ್ಟು. ಒಯ್ದವರು ಬೆಂಗಳೂರಿನಲ್ಲಿ ಪಾಕೀಟು ಬಿಚ್ಚುವುದು ಆಗಲೇ ಅನ್ನೋದನ್ನು ಮರೆಯಬಾರದು.

ಹಿಂಡಿಯ ಶತ್ರು ಎಣ್ಣೆ. ಶೇಂಗಾ, ಅಗಸಿ ಎರಡರಲ್ಲೂ ಎಣ್ಣೆ ಇದೆ, ಮೇಲೆ ಒಣಕೊಬ್ಬರಿ ಹಾಕಿದರೆ ಇನ್ನೂ ಬೇಗ ಕಮಟು ವಾಸನೆ ಬರುತ್ತದೆ. ಮಾರಾಟದ ಹಿಂಡಿಗೆ ನಾವು ಕೊಬ್ಬರಿ ಹಾಕುವುದನ್ನೇ ಬಿಟ್ಟೆವು. ಅಗಸಿಯದು ಶೇಂಗಾಕ್ಕಿಂತ ಮೊದಲು ಕಮಟುತ್ತದೆ, ಅದಕ್ಕೇ ಅದನ್ನು ಅರ್ಧ ಮಾತ್ರ ಮೊದಲು ಕುಟ್ಟಿ, ಉಳಿದರ್ಧವನ್ನು ತೇರು ಆದ ಮೇಲೆ ಹುರಿದು ಕುಟ್ಟುವುದು. ಮೇಜಿನ ಮೇಲೆ ಮಧ್ಯಾಹ್ನದ ಬಿಸಿಲು ಬೀಳುವ ಜಾಗದಲ್ಲಿ ಹಿಂಡಿ ಪಾಕೀಟು ಇಟ್ಟರೆ ಸಂಜೆಗೆ ಕವರಿನ ಒಳಮೈಗೆ ಎಣ್ಣೆ ಹತ್ತಿರುತ್ತದೆ. ಕೊಳ್ಳುವವರು ಅದನ್ನು ಹಳೇ ಮಾಲು ಅಂದುಕೊಳ್ತಾರೆ. ಬಿಸಿಲು ಬೀಳುವ ಕಡೆ ರೊಟ್ಟಿ, ನೆರಳಿನ ಕಡೆ ಹಿಂಡಿ.

ಕಾಣಬೇಕಾದದ್ದು ತಲೆಯ ಎತ್ತರದಲ್ಲಿ

ಮೇಜಿನ ಮುಂಭಾಗಕ್ಕೆ ಚೆಂದದ ಫ್ಲೆಕ್ಸ್ ಕಟ್ಟುವುದು ಎಲ್ಲರ ರೂಢಿ. ಜನ ಇಲ್ಲದಾಗ ಅದು ಚೆನ್ನಾಗಿ ಕಾಣುತ್ತದೆ. ಜನ ಬಂದರೆ ಅವರ ಕಾಲುಗಳೇ ಅದನ್ನು ಮುಚ್ಚುತ್ತವೆ. ಜನ ಬಂದಾಗಲೇ ಅಲ್ವಾ ಅದು ಕಾಣಬೇಕಾದದ್ದು? ನಾವು ಬೆಲೆಯ ಬೋರ್ಡನ್ನು ಎರಡು ಬಿದಿರಿಗೆ ಕಟ್ಟಿ ನಿಂತವರ ತಲೆಗಿಂತ ಒಂದು ಗೇಣು ಮೇಲೆ ನಿಲ್ಲಿಸಿದೆವು. ಅದರಲ್ಲಿ ಮೂರೇ ಸಾಲು: ‘ಖಡಕ್ ರೊಟ್ಟಿ 10ಕ್ಕೆ 100’, ‘ಹಿಂಡಿ 50’, ‘ರೊಟ್ಟಿ ಒಂದು, ಹಿಂಡಿ ಎರಡರ ಕಟ್ಟು 200’. ಸಂಘದ ಹೆಸರು ಕೆಳಗೆ ಸಣ್ಣಕ್ಕೆ. ಸಂಘದ ಹೆಸರು ದೊಡ್ಡಕ್ಕೆ ಬೇಕು ಅಂತ ಒಬ್ಬ ಅಕ್ಕಾರು ಮುನಿಸಿಕೊಂಡಿದ್ದರು. ದೂರದಿಂದ ನೋಡುವವರಿಗೆ ಮೊದಲು ಬೇಕಾದದ್ದು ಏನು, ಎಷ್ಟು ಅನ್ನೋದು. ಬೆಲೆ ಕೇಳೋಕೆ ಸಂಕೋಚ ಪಡುವವರು ನಮ್ಮಲ್ಲಿ ಬಹಳ, ಬೋರ್ಡಿಲ್ಲದಿದ್ದರೆ ಹಾಗೇ ಮುಂದೆ ಹೋಗಿಬಿಡ್ತಾರೆ.

ಮೇಜಿನ ಮೇಲೆ ಟೊಮೆಟೊ ಕ್ರೇಟುಗಳನ್ನು ಬೋರಲು ಹಾಕಿ, ಮೇಲೆ ಇಳಕಲ್ ಸೀರೆಯ ಹಳೇ ತುಂಡು ಹೊದಿಸಿ ಮೆಟ್ಟಿಲು ಮಾಡಿದೆವು. ಹಿಂದಿನ ಸಾಲು ಎದೆಮಟ್ಟಕ್ಕೆ ಬರುತ್ತದೆ. ಧೂಳು ವಿಪರೀತ ಇರುವುದರಿಂದ ರುಚಿಗೆ ಇಟ್ಟ ಚೂರುಗಳಿಗೆ ಮುಚ್ಚಳ ಇರುವ ಡಬ್ಬಿಯೇ ಬೇಕು, ಕೈ ಹಾಕಲು ಬಿಡದೆ ಚಿಮುಟದಿಂದ ಕೊಡುವುದು. ಮತ್ತೆ ರಾತ್ರಿಯ ದೀಪ. ನೀಲಿ ಛಾಯೆಯ ಬಿಳಿ ಬಲ್ಬಿನ ಕೆಳಗೆ ಶೇಂಗಾ ಹಿಂಡಿಯ ಕೆಂಪು ಸತ್ತು ಬೂದಿ ಬಣ್ಣ ಬರುತ್ತದೆ. ಹಳದಿ ಛಾಯೆಯ ಎಲ್‌ಇಡಿ ಹಾಕಿದರೆ ಅದೇ ಹಿಂಡಿ ಈಗ ತಾನೇ ಕುಟ್ಟಿದ ಹಾಗೆ ಕಾಣುತ್ತದೆ. ಬಲ್ಬಿನ ಬೆಲೆ ಹೆಚ್ಚೇನಿಲ್ಲ.

ಮಾತಾಡಿ ಕರೆಯುವುದಕ್ಕಿಂತ ರೊಟ್ಟಿ ಮುರಿದು ಕರೆಯುವುದು ಸುಲಭ. ಎದುರು ಯಾರಾದರೂ ನಿಧಾನ ಮಾಡಿದರೆ ವೈನಿ ಏನೂ ಹೇಳದೆ ಒಂದು ರೊಟ್ಟಿ ಎತ್ತಿ ನಡುವೆ ಮುರಿಯುತ್ತಾರೆ. ಆ ಸದ್ದಿಗೆ ತಲೆ ತಿರುಗಿಸದವರು ಕಡಿಮೆ. ಚೂರಿನ ಮೇಲೆ ಚೂರು ಹಿಂಡಿ, ಒಂದು ಹನಿ ಶೇಂಗಾ ಎಣ್ಣೆ. ಒಣ ಹಿಂಡಿಯನ್ನು ಹಾಗೇ ಕೊಟ್ಟರೆ ಗಂಟಲಿಗೆ ಹತ್ತಿ ಕೆಮ್ಮು ಬರುತ್ತದೆ, ಕೆಮ್ಮಿದವರು ಕೊಳ್ಳುವುದಿಲ್ಲ.

ಪಾಕೀಟಿನ ಚೀಟಿ ಬಗ್ಗೆ ಒಂದು ಮಾತು. ಆಹಾರ ಪಾಕೀಟು ಮಾಡಿ ಮಾರುವವರಿಗೆ ಎಫ್‌ಎಸ್‌ಎಸ್‌ಎಐ ನೋಂದಣಿ ಬೇಕು, ಆ 14 ಅಂಕಿಯ ಸಂಖ್ಯೆ, ಏನೇನು ಹಾಕಿದೆ, ತೂಕ, ಮಾಡಿದ ದಿನ, ಎಷ್ಟು ದಿನದೊಳಗೆ ತಿನ್ನಬೇಕು, ಬೆಲೆ, ವಿಳಾಸ ಎಲ್ಲಾ ಚೀಟಿಯ ಮೇಲೆ ಇರಬೇಕು. ಅದು ಕಾನೂನು. ಆದರೆ ನಮ್ಮ ಮಟ್ಟಿಗೆ ಚೀಟಿಯಲ್ಲಿ ಅತಿ ದೊಡ್ಡ ಅಕ್ಷರ ಫೋನ್ ನಂಬರಿನದು. ಹಿಂಡಿ ಪಾಕೀಟಿನ ಮೇಲೆ ಸ್ಕೆಚ್ ಪೆನ್ನಿನಲ್ಲಿ ಬರೆದರೆ ಎಣ್ಣೆ ಕೈ ತಾಗಿ ಎರಡು ದಿನಕ್ಕೆ ಅಳಿಸಿಹೋಗುತ್ತದೆ. ಅಚ್ಚು ಹಾಕಿಸಿದ ಸ್ಟಿಕ್ಕರ್ ಮೇಲೆ ಒಂದು ಸುತ್ತು ಪಾರದರ್ಶಕ ಟೇಪು ಅಂಟಿಸಿದರೆ ಡಬ್ಬಿ ಖಾಲಿಯಾಗುವ ತನಕ ನಂಬರು ಉಳಿಯುತ್ತದೆ.

ಐನೂರರ ನೋಟು

ದುಡ್ಡಿನ ಕಡೆ ಬರೋಣ. ಎಲ್ಲಾ ಬೆಲೆಯನ್ನೂ 50ರ ಲೆಕ್ಕದಲ್ಲಿ ಇಟ್ಟದ್ದು ಸುಮ್ನೆ ಅಲ್ಲ. ಹಿಂಡಿಯ ತೂಕವನ್ನು ಬೆಲೆಗೆ ತಕ್ಕಂತೆ ಹೊಂದಿಸಿದೆವು: ಕೇಜಿಗೆ 400ರ ಹಾಗೆ 125 ಗ್ರಾಮಿಗೆ 50. ಮೊದಲು 100 ಗ್ರಾಂ ಪಾಕೀಟು ಮಾಡಿ 40 ರೂಪಾಯಿ ಅನ್ನೋಣ ಅನ್ನುವ ಮಾತಿತ್ತು. ಹಾಗೆ ಮಾಡಿದ್ದರೆ ಪ್ರತಿ ವ್ಯಾಪಾರಕ್ಕೂ ಹತ್ತರ ನೋಟು ಹುಡುಕಬೇಕು. ಈಗ ಚೀಲದಲ್ಲಿ 10, 20ರ ನೋಟು, ನಾಣ್ಯ ಯಾವುದೂ ಬೇಕಿಲ್ಲ. 50, 100, 200 ಸಾಕು.

ಆದರೂ ತಲೆನೋವು ಇದ್ದೇ ಇದೆ. ಎಟಿಎಂಗಳಲ್ಲಿ ಬರುವುದು ಹೆಚ್ಚಾಗಿ 500ರ ನೋಟು, ಊರಿಂದ ಬಂದವರ ಕಿಸೆಯಲ್ಲಿ ಇರುವುದೂ ಅದೇ. ಲೆಕ್ಕ ನೋಡಿ. ಬೆಳಿಗ್ಗೆ 3000 ರೂಪಾಯಿ ಚಿಲ್ಲರೆ ಇಟ್ಟುಕೊಂಡು ಕೂತಿದ್ದೀರಿ. ಒಬ್ಬರು 500 ಕೊಟ್ಟು 100ರ ರೊಟ್ಟಿ ಒಯ್ದರೆ ನಿಮ್ಮ ಚಿಲ್ಲರೆಯಿಂದ 400 ಹೋಯಿತು. ಅಂಥವರು ಏಳು ಜನ ಬಂದರೆ 2800 ಖಾಲಿ. ಅಂಗಡಿ ತೆಗೆದು ಒಂದು ತಾಸು ಆಗಿರುವುದಿಲ್ಲ, ಚೀಲ ತುಂಬ 500ರ ನೋಟು, ಎಂಟನೆಯವರಿಗೆ ಕೊಡಬೇಕಾದ 400 ಇಲ್ಲ. ವ್ಯಾಪಾರ ಚೆನ್ನಾಗಿ ಆದಷ್ಟೂ ಬೇಗ ಸಿಕ್ಕಿಬೀಳ್ತೀರಿ.

ಇದಕ್ಕೆ ಎರಡು ಉಪಾಯ ಕೆಲಸ ಮಾಡಿದವು. ಒಂದು, 200ರ ಕಟ್ಟು. ರೊಟ್ಟಿ ಒಂದು, ಹಿಂಡಿ ಎರಡು, ಜೋಡಿಸಿ ದಾರ ಕಟ್ಟಿ ಇಟ್ಟದ್ದು. ರಿಯಾಯಿತಿ ಏನೂ ಇಲ್ಲ, ಬಿಡಿಯಾಗಿ ಕೊಂಡರೂ 200ಯೇ. ಆದರೂ 500ರ ನೋಟು ಹಿಡಿದವರಿಗೆ ಮೊದಲು ಅದನ್ನೇ ತೋರಿಸುವುದು. ಎರಡು ಕಟ್ಟು ಒಯ್ದರೆ ವಾಪಸ್ ಕೊಡುವುದು 100 ಮಾತ್ರ. ಎರಡನೆಯದು, ಪಕ್ಕದ ಅಂಗಡಿ. ಜಾತ್ರೆಯಲ್ಲಿ ಬಳೆ, ಆಟಿಕೆ, ಬೆಂಡು ಬತ್ತಾಸು, ಮಂಡಕ್ಕಿ ಮಾರುವವರ ಹತ್ತಿರ 10, 20, 50, 100ರ ನೋಟು ರಾಶಿ ಬೀಳುತ್ತದೆ. ಅವರಿಗೆ ಸಂಜೆ ಆ ರಾಶಿ ಎಣಿಸುವುದು, ಹೊತ್ತು ಒಯ್ಯುವುದು ದೊಡ್ಡ ಕಾಟ. ನಮ್ಮ ಪಕ್ಕದ ಆಟಿಕೆ ಅಂಗಡಿಯ ಕಾಕಾನ ಜೊತೆ ಮಾತಾಡಿಕೊಂಡು, ಮಧ್ಯಾಹ್ನ ಊಟದ ಹೊತ್ತಿಗೆ ನಮ್ಮ 500ಗಳನ್ನು ಕೊಟ್ಟು ಅವರ 50, 100ಗಳನ್ನು ತೆಗೆದುಕೊಳ್ಳುತ್ತಿದ್ದೆವು. ಇಬ್ಬರೂ ಎದುರೆದುರು ಎಣಿಸಬೇಕು, ಎರಡು ಸಲ. ನೆಂಟಸ್ತನ ಬೇರೆ, ನೋಟು ಬೇರೆ.

‘ಯುಪಿಐ ಇದೆಯಲ್ಲ, ಇಷ್ಟೆಲ್ಲ ಯಾಕೆ’ ಅಂತ ಕೇಳಬಹುದು. ಲಕ್ಷಾಂತರ ಜನ ಒಂದೇ ಬಯಲಲ್ಲಿ ಫೋನ್ ಹಿಡಿದು ನಿಂತಾಗ ನೆಟ್‌ವರ್ಕ್ ಏನಾಗುತ್ತದೆ ಅಂತ ಜಾತ್ರೆಗೆ ಹೋದವರಿಗೆ ಗೊತ್ತು. ದುಡ್ಡು ಬಂತು ಅಂತ ಕೂಗುವ ಡಬ್ಬಿಯಲ್ಲೂ ಒಂದು ಸಿಮ್ ಇರುತ್ತದೆ, ಅದಕ್ಕೂ ಅದೇ ಗತಿ.

ಒಂದು ಸಂಜೆ ಯಲಬುರ್ಗಾ ಕಡೆಯ ಒಬ್ಬರು ಬಂದರು, ಬೆಂಗಳೂರಿನಲ್ಲಿ ಇರ್ತಾರಂತೆ. ಒಂದು ಕಟ್ಟು ತಗೊಂಡು ಸ್ಕ್ಯಾನ್ ಮಾಡಿದರು. ಫೋನಿನಲ್ಲಿ ಚಕ್ರ ತಿರುಗುತ್ತಾ ತಿರುಗುತ್ತಾ ‘ಪೆಂಡಿಂಗ್’ ಅಂತ ನಿಂತಿತು. ನಮ್ಮ ಡಬ್ಬಿ ಮೌನ. ‘ನನ್ ಖಾತೇದಾಗ ಕಟ್ ಆಗೇತ್ರೀ ಅಕ್ಕಾರ, ಮೆಸೇಜ್ ಬಂದೈತಿ ನೋಡ್ರಿ’ ಅಂತ ಫೋನ್ ತೋರಿಸಿದರು. ಹಿಂದೆ ಜನ ನೂಕುತ್ತಿದ್ದರು. ‘ಇನ್ನೊಮ್ಮೆ ಹೊಡಿಲೇನ್ರಿ?’ ಅಂದರು. ಬೇಡ ಅಂದೆ. ಪೆಂಡಿಂಗ್ ಇರುವಾಗ ಮತ್ತೊಮ್ಮೆ ಹೊಡೆದರೆ ಎರಡು ಸಲ ಹೋಗುವ ಸಾಧ್ಯತೆ ಇರುತ್ತದೆ, ಆಮೇಲೆ ಜಗಳ. ಅವರ ಹೆಸರು, ನಂಬರು, ಆ ವ್ಯವಹಾರದ 12 ಅಂಕಿಯ ಯುಟಿಆರ್ ಸಂಖ್ಯೆಯ ಕೊನೆಯ ನಾಲ್ಕು ಅಂಕಿ ಪುಸ್ತಕದಲ್ಲಿ ಬರೆದುಕೊಂಡು ಕಟ್ಟು ಕೊಟ್ಟು ಕಳಿಸಿದೆ. ವೈನಿ ಕಣ್ಣಲ್ಲೇ ಕೇಳಿದರು, ಕೊಟ್ಟುಬಿಟ್ಟೆಯಾ ಅಂತ.

ಕೊಡಬಹುದಾದ ಕಾರಣ ಇದೆ. ಅಂಗಡಿಯ ಖಾತೆಗೆ ಕಟ್ಟಿದ ಯುಪಿಐ ದುಡ್ಡು ಅಂಗಡಿಗೆ ತಲುಪದಿದ್ದರೆ 5 ದಿನದೊಳಗೆ ಕಟ್ಟಿದವರ ಖಾತೆಗೆ ತಾನಾಗಿ ಮರಳಬೇಕು, ತಡವಾದರೆ ದಿನಕ್ಕೆ 100 ರೂಪಾಯಿ ಪರಿಹಾರ ಕೊಡಬೇಕು ಅಂತ ರಿಸರ್ವ್ ಬ್ಯಾಂಕ್ 2019ರಲ್ಲೇ ನಿಯಮ ಮಾಡಿದೆ. ಅಂದರೆ ದುಡ್ಡು ಎಲ್ಲೂ ಕಳೆದುಹೋಗುವುದಿಲ್ಲ. ಒಂದೋ ನಮಗೆ ಬರುತ್ತದೆ, ಇಲ್ಲ ಅವರಿಗೆ ಮರಳುತ್ತದೆ. ಮರಳಿದರೆ ಕೇಳೋಕೆ ನಂಬರ್ ಇರಬೇಕು, ಅಷ್ಟೇ. ಆದರೆ ಇದು ಪೆಂಡಿಂಗ್ ಅಂತ ತೋರಿಸಿದವರಿಗೆ ಮಾತ್ರ. ‘ಪೇಮೆಂಟ್ ಆಗಿದೆ’ ಅಂತ ಹಸಿರು ಟಿಕ್ಕಿನ ಫೋಟೋ ತೋರಿಸಿ ಅವಸರದಲ್ಲಿ ಹೊರಡುವವರಿಗೆ ಅಲ್ಲ. ಅಂಥ ಚಿತ್ರ ಯಾರು ಬೇಕಾದರೂ ಮಾಡಬಹುದು. ನಮ್ಮ ಫೋನಿನಲ್ಲಿ ಬಂದದ್ದು ಕಾಣುವ ತನಕ ‘ಒಂದ್ ನಿಮಿಷ ನಿಂದರ್ರಿ’ ಅನ್ನುವುದೇ.

ಅವತ್ತಿನ ಲೆಕ್ಕ ಇಲ್ಲಿ ಬಿಡಿಸಿ ಹೇಳುತ್ತೇನೆ, ಯಾಕಂದರೆ ದುಡ್ಡು ಮಾತ್ರ ಎಣಿಸಿ ಮನೆಗೆ ಹೋಗುವವರಿಗೆ ಏನು ತಪ್ಪಿದೆ ಅಂತ ಯಾವತ್ತೂ ಗೊತ್ತಾಗುವುದಿಲ್ಲ. ಮೊದಲು ಮಾಲು ಎಣಿಸಬೇಕು. ಬಿಡಿ ರೊಟ್ಟಿ ಬೆಳಿಗ್ಗೆ 60 ಪಾಕೀಟು, ಸಂಜೆ 22. ಹೋದದ್ದು 38, ಅದರಲ್ಲಿ ಒಂದು ರುಚಿಗೆ ಒಡೆದದ್ದು. 37 ಪಾಕೀಟಿಗೆ 3700. ಹಿಂಡಿ 100ರಲ್ಲಿ 40 ಉಳಿದಿತ್ತು, ಎರಡು ರುಚಿಗೆ. 58ಕ್ಕೆ 2900. ಕಟ್ಟು 15ರಲ್ಲಿ 5 ಉಳಿದದ್ದು, 10ಕ್ಕೆ 2000. ಒಟ್ಟು 8600 ಬರಬೇಕು. ಯುಪಿಐಯಲ್ಲಿ ಬಂದದ್ದು 3100. ಹಾಗಾದರೆ ನಗದು 5500, ಅದಕ್ಕೆ ಬೆಳಗಿನ ಚಿಲ್ಲರೆ 3000 ಕೂಡಿಸಿ, ಚಹಾಕ್ಕೆ ಕೊಟ್ಟ 120 ಕಳೆದರೆ ಚೀಲದಲ್ಲಿ 8380 ಇರಬೇಕು. ಇದ್ದದ್ದು 8080.

300 ಎಲ್ಲಿ? 200 ಯಲಬುರ್ಗಾದವರ ಪೆಂಡಿಂಗ್, ಪುಸ್ತಕದಲ್ಲಿ ಇದೆ. ಇನ್ನೊಂದು 100? ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಆಮೇಲೆ ಒಬ್ಬ ಅಕ್ಕಾರಿಗೆ ನೆನಪಾಯಿತು, ನಾಲ್ಕು ಕಟ್ಟು ಒಯ್ದವರೊಬ್ಬರು ಕೊಸರು ಕೇಳಿದ್ದರು, ಎರಡು ಹಿಂಡಿ ಹಾಗೇ ಕೊಟ್ಟಿದ್ದರು. ನಾಲ್ಕು ಕಟ್ಟಿಗೆ ಎರಡು ಹಿಂಡಿ ಕೊಸರು ಜಾಸ್ತಿಯೇ ಆಯಿತು, ಆದರೆ ಕೊಡಬಾರದು ಅಂತಲ್ಲ. ಬರೆಯಬೇಕು. ಅಂದಿನಿಂದ ಪುಸ್ತಕದ ಪ್ರತಿ ಪುಟದ ಬಲಬದಿಗೆ ಒಂದು ಗೆರೆ ಎಳೆದು ‘ರುಚಿ, ಕೊಸರು, ಒಡೆದದ್ದು’ ಅಂತ ಬರೆದಿದ್ದೇವೆ. ಕೊಟ್ಟ ಕೂಡಲೇ ಒಂದು ಗೀಟು. ದುಡ್ಡು ಹಿಡಿಯುವವರು ಒಬ್ಬರೇ, ಮಾಲು ಕೊಡುವವರು ಬೇರೆಯವರು ಅನ್ನುವ ನಿಯಮವೂ ಆವಾಗಲೇ ಬಂತು. ಸಂಘದ ದುಡ್ಡಲ್ಲಿ ಕೊರತೆ ಬಂದರೆ ಕಳೆದುಹೋಗುವುದು 100 ರೂಪಾಯಿ ಅಲ್ಲ, ಹತ್ತು ಹೆಂಗಸರ ನಡುವಿನ ಮಾತುಕತೆ.

ನಂಬರು ಬರೆದುಕೊಂಡರೆ ಸಾಲದು

ನಮ್ಮ ಗಿರಾಕಿ ದೂರದ ಊರಿನವರು ಅಂದೆನಲ್ಲ, ಅವರು ಮತ್ತೆ ಅಂಗಡಿಗೆ ಬರುವುದು ಮುಂದಿನ ಬನದ ಹುಣ್ಣಿಮೆಗೆ. ನಡುವೆ ವ್ಯಾಪಾರ ಬೇಕಾದರೆ ನಾವೇ ಹೋಗಬೇಕು, ಅಂದರೆ ಫೋನಿನಲ್ಲಿ. ಮೊದಮೊದಲು ಇಷ್ಟಪಟ್ಟವರ ನಂಬರನ್ನು ಪುಸ್ತಕದಲ್ಲಿ ಬರೆಸಿಕೊಂಡು, ಆಮೇಲೆ ವಾಟ್ಸಾಪಿನಲ್ಲಿ ಎಲ್ಲರಿಗೂ ಒಟ್ಟಿಗೆ ಬ್ರಾಡ್‌ಕಾಸ್ಟ್ ಕಳಿಸುವ ಯೋಚನೆ ಇತ್ತು. ಅಲ್ಲಿ ಒಂದು ಗುಟ್ಟಿದೆ. ಬ್ರಾಡ್‌ಕಾಸ್ಟ್ ಲಿಸ್ಟಿನಿಂದ ಕಳಿಸಿದ್ದು, ತಮ್ಮ ಫೋನಿನಲ್ಲಿ ನಿಮ್ಮ ನಂಬರನ್ನು ಸೇವ್ ಮಾಡಿಕೊಂಡವರಿಗೆ ಮಾತ್ರ ತಲುಪುತ್ತದೆ. ನೀವು ಅವರ ನಂಬರ್ ಇಟ್ಟುಕೊಂಡರೆ ಸಾಲದು, ಅವರು ನಿಮ್ಮದನ್ನು ಇಟ್ಟುಕೊಳ್ಳಬೇಕು. ಇಲ್ಲದಿದ್ದರೆ ನೀವು ಕಳಿಸಿದ ರೊಟ್ಟಿಯ ಚಿತ್ರ ನಿಮ್ಮ ಫೋನಿನಲ್ಲೇ ಉಳಿಯುತ್ತದೆ.

ಹಾಗಾಗಿ ಅಂಗಡಿ ಮುಂದೆಯೇ ಕೆಲಸ ಮುಗಿಸುವುದು ಒಳ್ಳೆಯದು. ‘ನಮ್ ನಂಬರ್ ಸೇವ್ ಮಾಡ್ಕೋರಿ, ಕೊಪ್ಪಳ ರೊಟ್ಟಿ ಅಂತ ಹಾಕ್ರಿ, ಒಂದು ಮಿಸ್ ಕಾಲ್ ಕೊಡ್ರಿ’ ಅನ್ನುತ್ತೇವೆ. ಇಂಟರ್ನೆಟ್ ಇಲ್ಲದಿದ್ದರೂ ಮಿಸ್ ಕಾಲ್ ಹೇಗೋ ಹತ್ತುತ್ತದೆ. ಸಂಘದ ಹೆಸರಲ್ಲಿ ಸೇವ್ ಮಾಡಿಸಿದರೆ ಮೂರು ತಿಂಗಳಿಗೆ ಇದು ಯಾರು ಅಂತ ಅವರಿಗೇ ಮರೆತಿರುತ್ತದೆ. ಮಿಸ್ ಕಾಲ್ ಬಂದ ಕೂಡಲೇ ಪುಸ್ತಕದಲ್ಲಿ ಒಂದೇ ಸಾಲು: ಊರು, ಏನು ಒಯ್ದರು, ಏನು ಮಾತಾಡಿದರು. ‘ಬೆಂಗಳೂರು, ವಿಜಯನಗರ, ಜೋಳದ್ದು 2, ತಾಯಿಗೆ ಹಲ್ಲಿಲ್ಲ ತೆಳು ಬೇಕು’ ಅಂತ ಬರೆದದ್ದು ಆಮೇಲೆ ಚಿನ್ನದಂಥ ಮಾಹಿತಿ. ಬರೀ ನಂಬರ್ ಇರುವ ಸಾಲುಗಳು ಯಾವುದಕ್ಕೂ ಬರಲಿಲ್ಲ.

ಮೆಸೇಜು ಯಾವಾಗ ಕಳಿಸಬೇಕು ಅನ್ನುವುದಕ್ಕೆ ಪಾಕೀಟೇ ಉತ್ತರ ಕೊಡುತ್ತದೆ. ಇಬ್ಬರಿರುವ ಮನೆಯಲ್ಲಿ ಹತ್ತು ರೊಟ್ಟಿ ಒಂದು ವಾರ ಬರಬಹುದು. ಮರುದಿನವೇ ‘ಧನ್ಯವಾದಗಳು’ ಅಂತ ಕಳಿಸಿದರೆ ಅವರು ಇನ್ನೂ ಬ್ಯಾಗು ಬಿಚ್ಚಿರುವುದಿಲ್ಲ. ಒಂದು ವಾರ, ಹತ್ತು ದಿನ ಬಿಟ್ಟು, ಒಬ್ಬೊಬ್ಬರಿಗೆ ಬೇರೆಬೇರೆಯಾಗಿ, ಅವರು ಒಯ್ದದ್ದನ್ನು ಹೆಸರಿಸಿ ಬರೆಯುವುದು: ‘ನಮಸ್ಕಾರ್ರೀ, ಜಾತ್ರಿಯೊಳಗ ಜೋಳದ ರೊಟ್ಟಿ, ಅಗಸಿ ಹಿಂಡಿ ಒಯ್ದಿದ್ರಿ. ರೊಟ್ಟಿ ಒಡೀದಂಗ ಮುಟ್ಟಿದ್ವೇನು? ಮುಂದಿನ ವಾರ ಬೆಂಗಳೂರಿಗೆ ಪಾರ್ಸೆಲ್ ಹೊಂಟೈತಿ.’ ಒಡೆಯದೆ ಮುಟ್ಟಿತಾ ಅಂತ ಕೇಳಿದ್ದಕ್ಕೆ ಜನ ಉತ್ತರ ಕೊಡ್ತಾರೆ. ಬೇಕಾ ಅಂತ ಕೇಳಿದರೆ ಸುಮ್ಮನಾಗ್ತಾರೆ. ಯಲಬುರ್ಗಾದವರ 200 ಅವರ ಖಾತೆಗೇ ಮರಳಿತ್ತು. ಈ ಮೆಸೇಜಿಗೆ ಉತ್ತರವಾಗಿ ಅವರು ಅದನ್ನು ಮತ್ತೆ ಕಳಿಸಿದರು, ಜೊತೆಗೆ ಎರಡು ಕಟ್ಟಿಗೆ ಆರ್ಡರೂ.

ದೊಡ್ಡ ಆರ್ಡರಿನವರ ದಾರಿ ಬೇರೆ. ಹುಬ್ಬಳ್ಳಿಯಲ್ಲಿ ಖಾನಾವಳಿ ನಡೆಸುವವರೊಬ್ಬರು ಮೇಜಿನ ಮುಂದೆಯೇ ‘ವಾರಕ್ಕ ಐನೂರು ರೊಟ್ಟಿ ಬೇಕು, ರೇಟ್ ಹೇಳ್ರಿ’ ಅಂದರು. ಅಲ್ಲೇ ರೇಟು ಹೇಳುವುದು ಅಪಾಯ. ಕೈಬಡಿತದ ರೊಟ್ಟಿ ಅಷ್ಟು ಬೇಕಾದರೆ ಸಂಘದಲ್ಲಿ ಎಷ್ಟು ಜನ ಎಷ್ಟು ತಾಸು ಕೂರಬೇಕು, ಸೌದೆಯೋ ಗ್ಯಾಸೋ, ಯಾರ ಮನೆಯಲ್ಲಿ, ಇವು ಒಂದೂ ಗೊತ್ತಿಲ್ಲದೆ ಹೇಳಿದ ರೇಟು ಆಮೇಲೆ ಕೊರಳಿಗೆ ಸುತ್ತಿಕೊಳ್ಳುತ್ತದೆ. ‘ಸೋಮವಾರ ಫೋನ್ ಮಾಡ್ತೀವಿ’ ಅಂದು, ಎರಡು ಪಾಕೀಟು ನಮೂನೆ ಕೊಟ್ಟು ಕಳಿಸಿದೆವು. ಸೋಮವಾರ ಫೋನ್ ಮಾಡಿದೆವು ಕೂಡ. ವಾರಕ್ಕೆ 200 ರೊಟ್ಟಿಗೆ ಒಪ್ಪಿದರು, ಅಷ್ಟೇ ನಮ್ಮ ಕೈಲಿ ಆಗುವುದು.

ಪಾರ್ಸೆಲಿನಲ್ಲಿ ರೊಟ್ಟಿ ಒಡೆಯುವುದು ಇನ್ನೂ ಪೂರ್ತಿ ನಿಂತಿಲ್ಲ. ರೊಟ್ಟಿಯ ಅಗಲಕ್ಕೆ ದುಂಡಗೆ ಕತ್ತರಿಸಿದ ರಟ್ಟನ್ನು ಮೇಲೊಂದು ಕೆಳಗೊಂದು ಇಟ್ಟು ಬಿಗಿಯಾಗಿ ದಾರ ಕಟ್ಟಿ, ಡಬ್ಬಿಯ ಸಂದಿಗೆಲ್ಲ ಕಾಗದ ತುರುಕಿದರೆ ಬಸ್ಸಿನಲ್ಲಿ ಹೋದದ್ದರಲ್ಲಿ ಒಂದೆರಡು ಮಾತ್ರ ಒಡೆಯುತ್ತವೆ. ಸಡಿಲ ಇದ್ದರೆ ಒಂದಕ್ಕೊಂದು ಬಡಿದು ಎಲ್ಲಾ ಚೂರು. ಮನೆಯಲ್ಲೇ ಒಡೆದದ್ದೂ ಸೇರಿ ವಾರಕ್ಕೆ ಒಂದು ಬುಟ್ಟಿ ಚೂರು ಬೀಳುತ್ತದೆ. ಈಗ ಮೆಸೇಜಿಗೆ ಉತ್ತರಿಸಿದ ನಾಲ್ಕಾರು ಜನ ಆ ಚೂರನ್ನೇ ಕೇಳ್ತಿದ್ದಾರೆ, ಒಗ್ಗರಣೆ ಹಾಕೋಕೆ, ಮಜ್ಜಿಗೆಯಲ್ಲಿ ನೆನೆಸೋಕೆ. ಅರ್ಧ ಕೇಜಿಗೆ 50 ಇಡೋಣ ಅಂತ ನಾನು. ಚೂರಿಗೂ ದುಡ್ಡಾ, ಆರ್ಡರಿನ ಜೊತೆ ಕೊಸರು ಕೊಡೋಣ ಅಂತ ವೈನಿ. ಸಂಘದ ಸಭೆ ಬರುವ ಮಂಗಳವಾರ, ಅಲ್ಲಿ ತೀರ್ಮಾನ ಆಗಬೇಕು.